ಮುಖ ಕಾಣದ ಫೋಟೋದಲ್ಲಿರುವ ಕ್ರಿಕೆಟಿಗ ಯಾರು? ಜೆರ್ಸಿ ಹೇಳುವುದೆಷ್ಟು, ಹೇಳದೇ ಬಿಡುವುದೆಷ್ಟು?

ಹೀಗೊಂದು ಫಾರ್ವರ್ಡ್ ನಿಮ್ಮ ವಾಟ್ಸಾಪ್ ಗುಂಪಿಗೆ ಬಂದಿದೆ ಎಂದುಕೊಳ್ಳಿ. ನೀಲಿ ಜೆರ್ಸಿ ತೊಟ್ಟ ಆಟಗಾರರೊಬ್ಬರು ಮೈದಾನದಲ್ಲಿ ಮಂಡಿಯೂರಿ ತಲೆ ತಗ್ಗಿಸಿ ಕುಳಿತಿದ್ದಾರೆ. ಮುಖ ಕಾಣುವುದಿಲ್ಲ. ಬೆನ್ನಿನ ಮೇಲೆ 18 ಎಂಬ ಸಂಖ್ಯೆಯಿದೆ. ಕೆಳಗೆ ಬರೆದಿರುವುದು: "2023ರ ವಿಶ್ವಕಪ್ ಫೈನಲ್ ಸೋತ ಮೇಲೆ ಕುಸಿದು ಕುಳಿತ ಕೊಹ್ಲಿ. ಟಿವಿಯವರು ಇದನ್ನು ತೋರಿಸಲಿಲ್ಲ, ಎಲ್ಲರಿಗೂ ಕಳಿಸಿ."

ನೋಡಿದವರ ಮನಸ್ಸು ಕರಗುತ್ತದೆ, ಬೆರಳು ತಾನಾಗಿಯೇ ಫಾರ್ವರ್ಡ್ ಗುಂಡಿಗೆ ಹೋಗುತ್ತದೆ. ಆದರೆ ಇದು ನಿಜಕ್ಕೂ ಕೊಹ್ಲಿಯೇ? ನಿಜಕ್ಕೂ 2023ರದ್ದೇ? ಮುಖ ಕಾಣದಿದ್ದರೇನಂತೆ, ಬಟ್ಟೆ ಕಾಣುತ್ತಿದೆಯಲ್ಲ! ಆ ಬಟ್ಟೆಯ ಮೇಲೆ ಈ ಪ್ರಶ್ನೆಗಳ ಉತ್ತರದ ಬಹುಪಾಲು ಅಚ್ಚಾಗಿರುತ್ತದೆ. ಅದನ್ನು ಓದುವುದು ಹೇಗೆ ಎಂದು ನೋಡೋಣ. ಹಾಗೆಯೇ ಜೆರ್ಸಿಯನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನೂ ತಿಳಿಯೋಣ.

ಸಂಖ್ಯೆ ಒಬ್ಬರ ಸ್ವತ್ತಲ್ಲ

ಮೊದಲಿಗೆ ಎಲ್ಲರೂ ನೋಡುವುದು ಬೆನ್ನಿನ ಸಂಖ್ಯೆಯನ್ನು. 18 ಎಂದರೆ ಕೊಹ್ಲಿ, 45 ಎಂದರೆ ರೋಹಿತ್, 93 ಎಂದರೆ ಬುಮ್ರಾ, 7 ಎಂದರೆ ಧೋನಿ. ಇದು ತಪ್ಪಲ್ಲ, ಆದರೆ ಇಷ್ಟೇ ಸಾಲದು.

18ನ್ನೇ ತೆಗೆದುಕೊಳ್ಳಿ. ಭಾರತದ ಪುರುಷರ ತಂಡದಲ್ಲಿ ಅದು ವಿರಾಟ್ ಕೊಹ್ಲಿಯ ಸಂಖ್ಯೆ. ಮಹಿಳೆಯರ ತಂಡದಲ್ಲಿ ಅದೇ 18 ಸ್ಮೃತಿ ಮಂಧಾನಾ ಅವರದು. ತಮಾಷೆಯೆಂದರೆ ನಮ್ಮ ಆರ್‌ಸಿಬಿಯಲ್ಲೂ ಇದೇ ಕಥೆ. ಐಪಿಎಲ್ ತಂಡದ 18 ಕೊಹ್ಲಿ, ಡಬ್ಲ್ಯುಪಿಎಲ್ ತಂಡದ 18 ಸ್ಮೃತಿ. ದೇಶದ ಬಣ್ಣವೂ ಒಂದೇ, ಕ್ಲಬ್ಬಿನ ಬಣ್ಣವೂ ಒಂದೇ, ಸಂಖ್ಯೆಯೂ ಒಂದೇ. ಹೆಲ್ಮೆಟ್ ತೊಟ್ಟು ಬೆನ್ನು ತಿರುಗಿಸಿ ನಿಂತವರನ್ನು ದೂರದಿಂದ ತೆಗೆದ ಫೋಟೋದಲ್ಲಿ ಗೊಂದಲವಾಗುವುದು ಸಹಜ. ಇಂಥ ಕಡೆ ಸಂಖ್ಯೆಯ ಮೇಲಿರುವ ಹೆಸರನ್ನು ಓದಬೇಕು. ಒಬ್ಬರ ಬೆನ್ನಿನ ಮೇಲೆ ವಿರಾಟ್ ಎಂದಿರುತ್ತದೆ, ಇನ್ನೊಬ್ಬರ ಬೆನ್ನಿನ ಮೇಲೆ ಸ್ಮೃತಿ ಎಂದಿರುತ್ತದೆ. ಫಾರ್ವರ್ಡ್ ಆಗಿರುವ ಫೋಟೋದಲ್ಲಿ ಸರಿಯಾಗಿ ಹೆಸರಿನ ಜಾಗವನ್ನೇ ಕತ್ತರಿಸಿದ್ದರೆ ಅಲ್ಲೇ ಅನುಮಾನ ಶುರುವಾಗಬೇಕು.

ಸಂಖ್ಯೆಗಳು ಒಬ್ಬರಿಂದ ಇನ್ನೊಬ್ಬರಿಗೂ ಹೋಗುತ್ತವೆ. ಭಾರತದ 10 ಎಂದರೆ ಸಚಿನ್ ಎಂದೇ ನಾವೆಲ್ಲ ತಿಳಿದಿದ್ದೇವೆ. ಆದರೆ 2017ರ ಆಗಸ್ಟ್‌ನಲ್ಲಿ ಶ್ರೀಲಂಕಾದಲ್ಲಿ ಮೊದಲ ಏಕದಿನ ಪಂದ್ಯವಾಡಿದ ಶಾರ್ದೂಲ್ ಠಾಕೂರ್ 10 ಸಂಖ್ಯೆಯ ಜೆರ್ಸಿ ತೊಟ್ಟು ಇಳಿದರು. ಅಭಿಮಾನಿಗಳು ಜಾಲತಾಣಗಳಲ್ಲಿ ಸಿಟ್ಟಾದರು. ಶಾರ್ದೂಲ್ ಆಮೇಲೆ 54ಕ್ಕೆ ಬದಲಾದರು. ಹಾಗಾಗಿ ಭಾರತದ ಜೆರ್ಸಿಯಲ್ಲಿ 10 ಕಂಡರೆ ಅದು ಸಚಿನ್ ಆಗಿರಲೇಬೇಕು ಎಂದಿಲ್ಲ.

ಹಾಗಾದರೆ ಬೆನ್ನು ಮಾತ್ರ ಕಾಣುವ ಸಚಿನ್ ಮತ್ತು ಶಾರ್ದೂಲ್ ನಡುವೆ ವ್ಯತ್ಯಾಸ ತಿಳಿಯುವುದು ಹೇಗೆ? ಇಲ್ಲಿ ನೆರವಿಗೆ ಬರುವುದು ನಾವು ಸಾಮಾನ್ಯವಾಗಿ ಗಮನಿಸದ ವಸ್ತು: ಪ್ರಾಯೋಜಕರ ಹೆಸರು.

ಪ್ರಾಯೋಜಕರ ಹೆಸರೇ ಕ್ಯಾಲೆಂಡರ್

ಜೆರ್ಸಿಯ ಮೇಲೆ ಎರಡು ಬಗೆಯ ಕಂಪನಿಗಳ ಗುರುತು ಇರುತ್ತದೆ. ಒಂದು ಎದೆಯ ನಡುವೆ ದೊಡ್ಡದಾಗಿ ಕಾಣುವ ಮುಖ್ಯ ಪ್ರಾಯೋಜಕರದು. ಇನ್ನೊಂದು ಬಟ್ಟೆ ತಯಾರಿಸಿಕೊಡುವ ಕಂಪನಿಯದು, ಇದು ಎದೆಯ ಒಂದು ಬದಿಯಲ್ಲಿ ಚಿಕ್ಕದಾಗಿರುತ್ತದೆ. ಇಬ್ಬರೂ ಕ್ರಿಕೆಟ್ ಮಂಡಳಿಗೆ ದುಡ್ಡು ಕೊಟ್ಟು ಇಷ್ಟು ವರ್ಷಕ್ಕೆ ಎಂದು ಒಪ್ಪಂದ ಮಾಡಿಕೊಂಡಿರುತ್ತಾರೆ. ಒಪ್ಪಂದ ಮುಗಿದ ಮರುದಿನ ಆ ಹೆಸರು ಜೆರ್ಸಿಯಿಂದ ಮಾಯ. ಆಟಗಾರ ಅದೇ, ಸಂಖ್ಯೆ ಅದೇ, ನೀಲಿಯೂ ಹೆಚ್ಚುಕಡಿಮೆ ಅದೇ, ಆದರೆ ಹೆಸರು ಬೇರೆ. ಆದ್ದರಿಂದ ಫೋಟೋದ ಕಾಲ ಹೇಳುವುದರಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಭಾರತ ತಂಡದ ಎದೆಯ ಮೇಲಿನ ಹೆಸರುಗಳ ಸಾಲು ಹೀಗಿದೆ. 2001ರಿಂದ 2013ರ ಕೊನೆಯವರೆಗೆ ಸಹಾರಾ. 2014ರಿಂದ 2017ರ ಮಾರ್ಚ್‌ವರೆಗೆ ಸ್ಟಾರ್. 2017ರ ಏಪ್ರಿಲ್‌ನಿಂದ ಒಪ್ಪೋ. 2019ರ ಸೆಪ್ಟೆಂಬರ್‌ನಿಂದ 2023ರ ಮಾರ್ಚ್‌ವರೆಗೆ ಬೈಜೂಸ್. 2023ರ ಜುಲೈನಿಂದ ಡ್ರೀಮ್ 11. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟ್‌ನಲ್ಲಿ ಬಂದಾಗ ಡ್ರೀಮ್ 11 ಹೊರನಡೆಯಿತು. ಮರು ತಿಂಗಳು ಯುಎಇಯಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತ ಮುಖ್ಯ ಪ್ರಾಯೋಜಕರೇ ಇಲ್ಲದ ಜೆರ್ಸಿಯಲ್ಲಿ ಆಡಿತು. ಅದೇ ಸೆಪ್ಟೆಂಬರ್‌ನಲ್ಲಿ ಅಪೊಲೊ ಟೈರ್ಸ್ ಜೊತೆ ಒಪ್ಪಂದವಾಯಿತು.

ಈಗ 10ರ ಪ್ರಶ್ನೆಗೆ ವಾಪಸು ಬನ್ನಿ. ಸಚಿನ್ ಕೊನೆಯ ಏಕದಿನ ಪಂದ್ಯವಾಡಿದ್ದು 2012ರ ಮಾರ್ಚ್‌ನಲ್ಲಿ. ಒಪ್ಪೋ ಬಂದಿದ್ದು 2017ರಲ್ಲಿ. 10ರ ಜೊತೆ ಸಹಾರಾ ಕಂಡರೆ ಅದು ಸಚಿನ್ ಕಾಲದ ಜೆರ್ಸಿ, 10ರ ಜೊತೆ ಒಪ್ಪೋ ಕಂಡರೆ ಸಚಿನ್ ಆಗಿರಲು ಸಾಧ್ಯವೇ ಇಲ್ಲ. ಮುಖ ನೋಡುವ ಅಗತ್ಯವೇ ಬೀಳಲಿಲ್ಲ.

ಬಟ್ಟೆ ತಯಾರಿಸುವ ಕಂಪನಿಯ ಗುರುತನ್ನೂ ಸೇರಿಸಿಕೊಂಡರೆ ಕಾಲ ಇನ್ನೂ ಕಿರಿದಾಗುತ್ತದೆ. 2006ರಿಂದ 2020ರವರೆಗೆ ಭಾರತದ ಜೆರ್ಸಿ ನೈಕಿಯದು. 2020ರ ನವೆಂಬರ್‌ನಲ್ಲಿ ಎಂಪಿಎಲ್ ಬಂತು. 2023ರ ಜನವರಿಯಿಂದ ಕೆಲವೇ ತಿಂಗಳು ಕಿಲ್ಲರ್ ಇತ್ತು. 2023ರ ಜೂನ್‌ನಿಂದ ಅಡಿಡಾಸ್. ಬೈಜೂಸ್ ಹೆಸರು ಮೂರೂವರೆ ವರ್ಷ ಇತ್ತು ನಿಜ, ಆದರೆ ಬೈಜೂಸ್ ಜೊತೆ ನೈಕಿ ಇದ್ದರೆ ಅದು ಆ ಅವಧಿಯ ಆರಂಭದ್ದು, ಎಂಪಿಎಲ್ ಇದ್ದರೆ ನಡುವಿನದು, ಕಿಲ್ಲರ್ ಇದ್ದರೆ 2023ರ ಮೊದಲ ಮೂರು ತಿಂಗಳದ್ದು. ಒಂದು ಗುರುತು ವರ್ಷಗಳನ್ನು ಹೇಳಿದರೆ ಎರಡು ಗುರುತು ಸೇರಿ ತಿಂಗಳುಗಳನ್ನು ಹೇಳಿಬಿಡುತ್ತವೆ.

ಫೋಟೋ ಮಸುಕಾಗಿ ಗುರುತು ಓದಲಾಗದಿದ್ದರೆ ಭುಜ ನೋಡಿ. ಭುಜದ ಮೇಲೆ ಮೂರು ಪಟ್ಟಿಗಳು ಸಾಲಾಗಿ ಇಳಿದಿದ್ದರೆ ಅದು ಅಡಿಡಾಸ್ ಕಾಲದ್ದು. ಬೆನ್ನು ಮಾತ್ರ ಕಾಣುವ ಫೋಟೋದಲ್ಲೂ ಈ ಪಟ್ಟಿಗಳು ಕಣ್ಣಿಗೆ ಬೀಳುತ್ತವೆ.

ಎದೆಯ ಮೇಲೆ ದೇಶದ ಹೆಸರು ಮಾತ್ರ ಇದ್ದರೆ?

ಕೆಲವು ಫೋಟೋಗಳಲ್ಲಿ ಎದೆಯ ಮೇಲೆ ಇಂಡಿಯಾ ಎಂದು ಮಾತ್ರ ದೊಡ್ಡದಾಗಿರುತ್ತದೆ, ಪ್ರಾಯೋಜಕರ ಹೆಸರು ಇರುವುದಿಲ್ಲ. "ಜೆರ್ಸಿ ನಕಲಿ, ಫೋಟೋ ತಿದ್ದಿದ್ದಾರೆ" ಎಂದು ಕೆಲವರು ಅಂದುಕೊಳ್ಳುತ್ತಾರೆ. ಅಲ್ಲ. ವಿಶ್ವಕಪ್, ಟಿ20 ವಿಶ್ವಕಪ್, ಚಾಂಪಿಯನ್ಸ್ ಟ್ರೋಫಿಯಂತಹ ಐಸಿಸಿ ಟೂರ್ನಿಗಳಲ್ಲಿ ಎದೆಯ ಮುಖ್ಯ ಜಾಗ ದೇಶದ ಹೆಸರಿಗೇ ಮೀಸಲು. ತಂಡದ ಪ್ರಾಯೋಜಕರು ತೋಳಿಗೆ ಸರಿಯಬೇಕು. ಎರಡು ದೇಶಗಳ ನಡುವಿನ ಮಾಮೂಲಿ ಸರಣಿಯಲ್ಲಿ ಪ್ರಾಯೋಜಕರ ಹೆಸರು ಎದೆಗೆ ಬರುತ್ತದೆ, ಅದರ ಕೆಳಗೆ ದೇಶದ ಹೆಸರು.

ಇದರಿಂದ ನಮಗೆ ಲಾಭವೇ ಆಯಿತು. ಎದೆಯ ಮೇಲೆ ದೇಶದ ಹೆಸರು ಮಾತ್ರ ಇದ್ದು ತೋಳಿನಲ್ಲಿ ಕಂಪನಿಯ ಹೆಸರಿದ್ದರೆ ಅದು ಬಹುತೇಕ ದೊಡ್ಡ ಟೂರ್ನಿಯ ಫೋಟೋ. ದೊಡ್ಡ ಟೂರ್ನಿಗಳು ವರ್ಷಕ್ಕೆ ಒಂದೋ ಎರಡೋ. ಹುಡುಕಬೇಕಾದ ಪಂದ್ಯಗಳು ಬೆರಳೆಣಿಕೆಗೆ ಇಳಿಯುತ್ತವೆ.

ಈಗ ಆ ಫಾರ್ವರ್ಡ್ ಪರೀಕ್ಷಿಸೋಣ

ಮೇಲೆ ಹೇಳಿದ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಾಗ ಇಷ್ಟು ಕಂಡಿತು ಎಂದುಕೊಳ್ಳಿ: ಬೆನ್ನಿನ ಮೇಲೆ 18, ಹೆಸರಿನ ಜಾಗ ಮಡಿಕೆಯಲ್ಲಿ ಮುಚ್ಚಿದೆ. ತೋಳಿನ ಮೇಲೆ ಒಪ್ಪೋ. ಓರೆಯಾಗಿ ಕಾಣುವ ಎದೆಯ ಮೇಲೆ ಇಂಡಿಯಾ ಎಂಬುದರ ಕೊನೆಯ ಎರಡು ಅಕ್ಷರ, ಮೇಲೆ ನೈಕಿಯ ಗುರುತು. ಭುಜದ ಮೇಲೆ ಪಟ್ಟಿಗಳಿಲ್ಲ.

ಒಪ್ಪೋ ಎಂದರೆ 2017ರ ಏಪ್ರಿಲ್‌ನಿಂದ 2019ರ ಸೆಪ್ಟೆಂಬರ್ ನಡುವೆ. ಅಲ್ಲಿಗೇ 2023 ಎಂಬ ಮಾತು ಬಿದ್ದುಹೋಯಿತು. 2023ರ ನವೆಂಬರ್ 19ರಂದು ಅಹಮದಾಬಾದ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಫೈನಲ್ ಆಡಿದಾಗ ಭಾರತ ತೊಟ್ಟಿದ್ದು ಅಡಿಡಾಸ್ ಜೆರ್ಸಿ. ಅದರ ಭುಜದ ಮೂರು ಪಟ್ಟಿಗಳಿಗೆ ತ್ರಿವರ್ಣದ ಬಣ್ಣ ಕೊಡಲಾಗಿತ್ತು. ಆ ಪಟ್ಟಿಗಳಿಲ್ಲದ ಜೆರ್ಸಿ ಆ ದಿನದ್ದಾಗಲು ಸಾಧ್ಯವಿಲ್ಲ.

ಎದೆಯ ಮೇಲೆ ದೇಶದ ಹೆಸರು, ತೋಳಿನಲ್ಲಿ ಪ್ರಾಯೋಜಕರು. ಅಂದರೆ ಐಸಿಸಿ ಟೂರ್ನಿ. ಒಪ್ಪೋ ಅವಧಿಯಲ್ಲಿ ಪುರುಷರ ತಂಡ ಆಡಿದ ಅಂಥ ಟೂರ್ನಿಗಳು ಎರಡೇ: 2017ರ ಜೂನ್‌ನ ಚಾಂಪಿಯನ್ಸ್ ಟ್ರೋಫಿ ಮತ್ತು 2019ರ ವಿಶ್ವಕಪ್. ಎರಡೂ ನಡೆದಿದ್ದು ಇಂಗ್ಲೆಂಡಿನ ನೆಲದಲ್ಲಿ. ಮಹಿಳೆಯರ ತಂಡಕ್ಕೂ ಅದೇ ಮಂಡಳಿ, ಅದೇ ಪ್ರಾಯೋಜಕರು. ಅವರು ಈ ಅವಧಿಯಲ್ಲಿ 2017ರ ವಿಶ್ವಕಪ್ ಮತ್ತು 2018ರ ಟಿ20 ವಿಶ್ವಕಪ್ ಆಡಿದ್ದಾರೆ.

ಹೀಗೆ ಮುಖ ನೋಡದೆಯೇ ನಾವು ತಲುಪಿದ ತೀರ್ಮಾನ: ಫೋಟೋ 2023ರದ್ದಲ್ಲ, 2017 ಮತ್ತು 2019ರ ನಡುವಿನ ನಾಲ್ಕು ಟೂರ್ನಿಗಳಲ್ಲಿ ಒಂದರದ್ದು. ಕೊಹ್ಲಿ ಇರಬಹುದು, ಸ್ಮೃತಿಯೂ ಇರಬಹುದು. ಇಲ್ಲಿಂದ ಮುಂದೆ ಜೆರ್ಸಿ ಹೇಳುವುದಿಲ್ಲ. ಜಡೆ ಕಾಣುತ್ತಿದೆಯೇ, ಬ್ಯಾಟ್ ಹಿಡಿದಿದ್ದರೆ ಎಡಗೈ ಆಟವೇ ಬಲಗೈ ಆಟವೇ ಎಂದು ನೋಡಬೇಕು. ಸ್ಮೃತಿ ಎಡಗೈ, ಕೊಹ್ಲಿ ಬಲಗೈ. ಇಲ್ಲವೇ ಟೂರ್ನಿಯ ಹೆಸರು ಸೇರಿಸಿ ಅಂತರ್ಜಾಲದಲ್ಲಿ ಮೂಲ ಫೋಟೋ ಹುಡುಕಬೇಕು. ಯಾವ ಟೂರ್ನಿ ಎಂದು ಗೊತ್ತಾದ ಮೇಲೆ ಹುಡುಕಾಟ ಸುಲಭ.

ಬಣ್ಣ ಮೋಸ ಮಾಡುವುದು ಎಲ್ಲಿ?

ಬಣ್ಣ ದೂರದಿಂದಲೇ ಕಾಣುತ್ತದೆ. ಹಾಗಾಗಿ ಮೊದಲು ನಂಬುವುದೂ ಅದನ್ನೇ, ಮೋಸಹೋಗುವುದೂ ಅದರಿಂದಲೇ.

2019ರ ಜೂನ್ 30ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ವಿಶ್ವಕಪ್ ಪಂದ್ಯದಲ್ಲಿ ಭಾರತ ಕಿತ್ತಳೆ ಬಣ್ಣದ ಜೆರ್ಸಿ ತೊಟ್ಟಿತು. ಎದೆಯ ಭಾಗ ಕಡುನೀಲಿ, ಬೆನ್ನು ಪೂರ್ತಿ ಕಿತ್ತಳೆ. ಅಂದರೆ ಹಿಂದಿನಿಂದ ತೆಗೆದ ಫೋಟೋದಲ್ಲಿ ಅದು ಭಾರತ ತಂಡ ಎಂದೇ ಅನಿಸುವುದಿಲ್ಲ. ಇದರ ಹಿಂದೆ ರಾಜಕೀಯವಿದೆ ಎಂದು ಆಗ ಸಾಕಷ್ಟು ಚರ್ಚೆಯಾಯಿತು. ಕಾರಣ ಮಾತ್ರ ಸರಳ. ಐಸಿಸಿ ಟೂರ್ನಿಯಲ್ಲಿ ಎರಡು ತಂಡಗಳ ಜೆರ್ಸಿ ಒಂದೇ ಬಣ್ಣದ್ದಾಗಿದ್ದರೆ ಒಂದು ತಂಡ ಬದಲಿಸಬೇಕು, ಆತಿಥೇಯರಿಗೆ ತಮ್ಮ ಬಣ್ಣ ಉಳಿಸಿಕೊಳ್ಳುವ ಅವಕಾಶ. ಇಂಗ್ಲೆಂಡಿನದೂ ನೀಲಿ, ಆತಿಥ್ಯವೂ ಅವರದೇ. ಭಾರತ ಬದಲಿಸಿತು. ಅದೊಂದೇ ಪಂದ್ಯ, ಮತ್ತೆ ನೀಲಿಗೆ ಮರಳಿತು. 2023ರ ವಿಶ್ವಕಪ್ ವೇಳೆ ಭಾರತ ಕಿತ್ತಳೆ ಬಣ್ಣದ ಬಟ್ಟೆ ತೊಟ್ಟು ಅಭ್ಯಾಸ ಮಾಡಿದ ಫೋಟೋಗಳೂ ಓಡಾಡುತ್ತವೆ. ಅವು ಪಂದ್ಯದವಲ್ಲ, ಅಭ್ಯಾಸದ ಉಡುಪು.

ಆರ್‌ಸಿಬಿ ಅಭಿಮಾನಿಗಳಿಗೆ ಇದು ಹೊಸದಲ್ಲ. ಕೆಂಪು ನಮ್ಮ ಬಣ್ಣ ಎಂದರೂ 2011ರಿಂದ ಸೀಸನ್‌ನಲ್ಲಿ ಒಂದು ಪಂದ್ಯ ಹಸಿರು ಜೆರ್ಸಿಯಲ್ಲಿ ಆಡುವ ರೂಢಿಯಿದೆ. 2021ರ ಸೆಪ್ಟೆಂಬರ್ 20ರಂದು ಅಬುಧಾಬಿಯಲ್ಲಿ ಕೋಲ್ಕತ್ತಾ ವಿರುದ್ಧ ತಿಳಿನೀಲಿಯಲ್ಲಿ ಆಡಿತು. ಕೋವಿಡ್ ವೇಳೆ ದುಡಿದವರಿಗೆ ಗೌರವ ಸೂಚಿಸಲು ಪಿಪಿಇ ಕಿಟ್‌ನ ಬಣ್ಣವನ್ನು ಆರಿಸಿಕೊಂಡಿದ್ದರು. ಆ ಪಂದ್ಯದ ಫೋಟೋವನ್ನು ಮಸುಕಾಗಿ ನೋಡಿದವರಿಗೆ ಬೇರೆ ತಂಡ ಎನಿಸಿದರೆ ಆಶ್ಚರ್ಯವಿಲ್ಲ.

ಕೆಂಪಿನಲ್ಲೂ ಕಾಲದ ಗುರುತಿದೆ. 2024ರಲ್ಲಿ ತಂಡದ ಹೆಸರು ಬ್ಯಾಂಗಲೋರ್‌ನಿಂದ ಬೆಂಗಳೂರು ಎಂದು ಬದಲಾದಾಗ ಜೆರ್ಸಿಯಲ್ಲಿದ್ದ ಕಪ್ಪಿನ ಜಾಗಕ್ಕೆ ಕಡುನೀಲಿ ಬಂತು. ಎದೆಯ ಮೇಲೆ 2020ರಿಂದ 2022ರವರೆಗೆ ಮುತ್ತೂಟ್ ಫಿನ್‌ಕಾರ್ಪ್, 2023ರಿಂದ ಮೂರು ಸೀಸನ್ ಕತಾರ್ ಏರ್‌ವೇಸ್. ಕೆಂಪು ಮತ್ತು ಕಪ್ಪು ಜೆರ್ಸಿಯ ಫೋಟೋ ಹಾಕಿ "2025ರಲ್ಲಿ ಕಪ್ ಗೆದ್ದ ಕ್ಷಣ" ಎಂದರೆ ನಂಬಬೇಡಿ. ಕಪ್ ಗೆದ್ದಿದ್ದು ಕೆಂಪು ಮತ್ತು ನೀಲಿಯಲ್ಲಿ.

ಬಿಳಿ ಬಟ್ಟೆಯಲ್ಲೂ ಒಂದು ಸುಳಿವು ಇದೆ. ಟೆಸ್ಟ್ ಪಂದ್ಯದ ಬಿಳಿ ಅಂಗಿಯ ಬೆನ್ನಿನ ಮೇಲೆ ಹೆಸರು ಮತ್ತು ಸಂಖ್ಯೆ ಬಂದಿದ್ದು 2019ರ ಆಗಸ್ಟ್‌ನಲ್ಲಿ, ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ನಡುವಿನ ಆಶಸ್ ಸರಣಿಯಿಂದ. ಭಾರತ ಅದೇ ತಿಂಗಳು ವೆಸ್ಟ್ ಇಂಡೀಸ್‌ನಲ್ಲಿ ಅದನ್ನು ತೊಟ್ಟಿತು. ಬಿಳಿ ಅಂಗಿಯ ಮೇಲೆ ಸಂಖ್ಯೆ ಕಂಡರೆ ಫೋಟೋ ಅದಕ್ಕಿಂತ ಹಿಂದಿನದಲ್ಲ.

ಆಟಗಾರನ ಪಾತ್ರ ತಿಳಿಯುವುದು ಹೇಗೆ?

ಬ್ಯಾಟರ್, ಬೌಲರ್, ನಾಯಕ ಎಂಬುದನ್ನು ಜೆರ್ಸಿ ಸಂಖ್ಯೆ ಹೇಳುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ರಗ್ಬಿಯಲ್ಲಿ ಇದು ನಿಜ. ಅಲ್ಲಿ 1ರಿಂದ 15ರವರೆಗಿನ ಒಂದೊಂದು ಸಂಖ್ಯೆಯೂ ಒಂದೊಂದು ಸ್ಥಾನ. ಕ್ರಿಕೆಟ್‌ನಲ್ಲೂ ಒಮ್ಮೆ ಸ್ವಲ್ಪಮಟ್ಟಿಗೆ ಹೀಗಿತ್ತು. 1999ರ ವಿಶ್ವಕಪ್‌ನಲ್ಲಿ ಸಾಮಾನ್ಯವಾಗಿ ನಾಯಕರಿಗೆ 1 ಇತ್ತು. ಆಮೇಲೆ ಆಟಗಾರರು ತಮಗಿಷ್ಟವಾದ ಸಂಖ್ಯೆ ಆರಿಸಿಕೊಳ್ಳತೊಡಗಿದರು. ಈಗ ಕೆ.ಎಲ್. ರಾಹುಲ್ ಬೆನ್ನಿನ ಮೇಲಿರುವ 1ಕ್ಕೂ ನಾಯಕತ್ವಕ್ಕೂ ಸಂಬಂಧವಿಲ್ಲ. ಫುಟ್‌ಬಾಲ್ ನಾಯಕನ ತೋಳಿಗೆ ಪಟ್ಟಿಯಿರುತ್ತದೆ, ಕ್ರಿಕೆಟ್ ನಾಯಕನಿಗೆ ಅದೂ ಇಲ್ಲ.

ಆದರೆ ಒಂದು ಪಾತ್ರವನ್ನು ಮಾತ್ರ ಬೆನ್ನು ನೋಡಿಯೂ ಖಚಿತವಾಗಿ ಹೇಳಬಹುದು. ಫೀಲ್ಡಿಂಗ್ ಮಾಡುವ ಹನ್ನೊಂದು ಜನರಲ್ಲಿ ಗ್ಲೌಸ್ ತೊಡಲು, ಪ್ಯಾಂಟಿನ ಮೇಲೆ ಪ್ಯಾಡ್ ಕಟ್ಟಲು ನಿಯಮದ ಪ್ರಕಾರ ಅವಕಾಶವಿರುವುದು ವಿಕೆಟ್ ಕೀಪರ್‌ಗೆ ಮಾತ್ರ. ಬ್ಯಾಟರ್ ಪಕ್ಕದಲ್ಲೇ ನಿಲ್ಲುವ ಫೀಲ್ಡರ್ ಹೆಲ್ಮೆಟ್ ಹಾಕಬಹುದು, ಕಾಲಿನ ರಕ್ಷಣೆಯನ್ನು ಪ್ಯಾಂಟಿನ ಒಳಗೇ ಕಟ್ಟಿಕೊಳ್ಳಬೇಕು. ಆದರೆ ಇಲ್ಲೂ ಎಚ್ಚರ: ಗ್ಲೌಸ್ ಪಾತ್ರವನ್ನು ಹೇಳುತ್ತದೆ, ವ್ಯಕ್ತಿಯನ್ನಲ್ಲ. 2003ರ ವಿಶ್ವಕಪ್‌ನಲ್ಲಿ ಭಾರತದ ಕೀಪರ್ ನಮ್ಮ ರಾಹುಲ್ ದ್ರಾವಿಡ್, 2023ರ ವಿಶ್ವಕಪ್‌ನಲ್ಲಿ ನಮ್ಮ ಕೆ.ಎಲ್. ರಾಹುಲ್.

ಐಪಿಎಲ್‌ನಲ್ಲಿ ಟೋಪಿಯೂ ಮಾತಾಡುತ್ತದೆ. ಆವರೆಗೆ ಹೆಚ್ಚು ರನ್ ಗಳಿಸಿದವರು ಫೀಲ್ಡಿಂಗ್ ವೇಳೆ ಕಿತ್ತಳೆ ಟೋಪಿ, ಹೆಚ್ಚು ವಿಕೆಟ್ ಪಡೆದವರು ನೇರಳೆ ಟೋಪಿ ತೊಡುತ್ತಾರೆ. ಕೆಂಪು ಜೆರ್ಸಿಯ ಮೇಲೆ ಕಿತ್ತಳೆ ಟೋಪಿ ಕಂಡರೆ ಯಾರೋ ಹೈದರಾಬಾದ್ ತಂಡದ ಟೋಪಿ ಹಾಕಿಕೊಂಡಿದ್ದಾರೆ ಎಂದಲ್ಲ.

ಜೆರ್ಸಿ ಸುಳ್ಳನ್ನು ಹಿಡಿಯುತ್ತದೆ, ಸತ್ಯಕ್ಕೆ ಜಾಮೀನು ನಿಲ್ಲುವುದಿಲ್ಲ

ಜೆರ್ಸಿಯ ಗುರುತುಗಳಿಂದ "ಈ ಫೋಟೋ ಆ ದಿನದ್ದಲ್ಲ" ಎಂದು ಖಚಿತವಾಗಿ ಹೇಳಬಹುದು. "ಈ ಫೋಟೋ ಆ ದಿನದ್ದೇ" ಎಂದು ಹೇಳಲಾಗದು. ಡ್ರೀಮ್ 11 ಮತ್ತು ಅಡಿಡಾಸ್ ಒಟ್ಟಿಗೆ ಕಂಡರೆ ಅದು ಎರಡು ವರ್ಷಗಳಲ್ಲಿ ಯಾವ ಪಂದ್ಯದ್ದೂ ಆಗಿರಬಹುದು. ಗುರುತುಗಳು ಹೊಂದಿದವು ಎಂದ ಮಾತ್ರಕ್ಕೆ ಫಾರ್ವರ್ಡ್‌ನ ಬರಹ ನಿಜವಾಗುವುದಿಲ್ಲ.

ಮತ್ತೆ, ಜೆರ್ಸಿಯನ್ನು ಆಟಗಾರರು ಮಾತ್ರ ತೊಡುವುದಿಲ್ಲ. ವಿರಾಟ್ 18 ಎಂದು ಅಚ್ಚಾದ ಅಂಗಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ರಾಶಿರಾಶಿ ಮಾರಾಟವಾಗುತ್ತದೆ. "ಕೊಹ್ಲಿ ರಸ್ತೆಬದಿ ಚಹಾ ಕುಡಿಯುತ್ತಿದ್ದಾರೆ" ಎಂಬ ಬೆನ್ನಿನ ಫೋಟೋ ಬಂದರೆ, ಅವರು ಕೊಹ್ಲಿಯ ಅಭಿಮಾನಿ ಎಂಬುದಷ್ಟೇ ಖಚಿತ.

ಹಳೆಯ ವಿನ್ಯಾಸವೂ ಮರಳಿ ಬರುತ್ತದೆ. 2020ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾ ಪ್ರವಾಸಕ್ಕೆ ಭಾರತ 1992ರ ವಿಶ್ವಕಪ್ ಜೆರ್ಸಿಯನ್ನು ಹೋಲುವ ಕಡುನೀಲಿ ಅಂಗಿ ತೊಟ್ಟಿತ್ತು. ಎದೆಯ ಮೇಲಿನ ಬೈಜೂಸ್ ಮತ್ತು ಎಂಪಿಎಲ್ ಓದಿದರೆ ಮಾತ್ರ ಗೊಂದಲ ಕಳೆಯುತ್ತದೆ. 1992ರ ಅಂಗಿಯ ಬೆನ್ನಿನ ಮೇಲೆ ಹೆಸರಿತ್ತು, ಸಂಖ್ಯೆ ಇರಲಿಲ್ಲ.

ಕೊನೆಯದಾಗಿ ತಿದ್ದಿದ ಫೋಟೋ. ಬೇರೆ ಹೆಸರು ಅಂಟಿಸಿದ್ದರೆ ಬಟ್ಟೆಯ ಮಡಿಕೆಗಳನ್ನು ನೋಡಿ. ಅಂಗಿ ಸುಕ್ಕುಗಟ್ಟಿದ ಕಡೆ ಅಕ್ಷರವೂ ಸುಕ್ಕುಗಟ್ಟಬೇಕು. ಮಡಿಕೆಯ ಮೇಲೆ ಅಕ್ಷರಗಳು ಇಸ್ತ್ರಿ ಹಾಕಿದಂತೆ ನೇರವಾಗಿದ್ದರೆ ಅದು ಅಂಟಿಸಿದ್ದು. ಹೆಸರು, ಸಂಖ್ಯೆ ತಿರುಗುಮುರುಗಾಗಿದ್ದರೆ ಫೋಟೋವನ್ನು ಕನ್ನಡಿಯಲ್ಲಿಟ್ಟಂತೆ ತಿರುಗಿಸಿದ್ದಾರೆ. ಆಗ ಬಲಗೈ ಬ್ಯಾಟರ್ ಎಡಗೈಯವರಂತೆ ಕಾಣುತ್ತಾರೆ.

ಮುಂದಿನ ಬಾರಿ ಮುಖ ಕಾಣದ ಫೋಟೋ ಬಂದಾಗ ಸಂಖ್ಯೆಯಲ್ಲೇ ನಿಲ್ಲಬೇಡಿ. ಹಿಗ್ಗಿಸಿ, ಎದೆಯ ಹೆಸರು, ಬಟ್ಟೆ ಕಂಪನಿಯ ಗುರುತು, ಭುಜದ ಪಟ್ಟಿ, ತೋಳು, ಈ ನಾಲ್ಕನ್ನು ನೋಡಿ. ಬರಹದಲ್ಲಿರುವ ವರ್ಷಕ್ಕೆ ಇವುಗಳಲ್ಲಿ ಒಂದು ಹೊಂದದಿದ್ದರೂ ಆ ಫಾರ್ವರ್ಡ್ ನಿಮ್ಮಲ್ಲೇ ನಿಲ್ಲಲಿ. ಸೋಲಿನ ರಾತ್ರಿ ಹಳೆಯ ಫೋಟೋಗೆ ಹೊಸ ಬರಹ ಅಂಟಿಸಿದಾಗ ಬೈಗುಳ ತಿನ್ನುವುದು ಅಲ್ಲಿ ಇಲ್ಲದೇ ಇದ್ದ ಆಟಗಾರನೋ ಆಟಗಾರ್ತಿಯೋ ಆಗಿರಬಹುದು.